ಆರ್‌ಎಫ್‌ಐ (ಚಿಲ್ಡ್ ವಾಟರ್ ಪೈಪ್ ಅಳತೆ)

ನಕ್ಷೆಗಳಲ್ಲಿ ಒಂದೇ ಚಿಲ್ಡ್ ವಾಟರ್ ಪೈಪಿಗೆ ಬೇರೆ ಬೇರೆ ಅಳತೆ ಕಂಡಾಗ, ಸೈಟ್ ಎಂಜಿನಿಯರ್ ವಿನ್ಯಾಸಕಾರರಿಂದ ಲಿಖಿತ ಉತ್ತರ ಕೋರಿ ಬರೆಯುವ ಪತ್ರ.

ಚಾಮರಾಜಪೇಟೆಯ ಹಳೆಯ ಕಲ್ಲುಗೋಡೆಯ ಕಟ್ಟಡವೊಂದಕ್ಕೆ 100 ಟನ್ ಎಸಿ ಕೂರಿಸುವಾಗ ಮಹಡಿ ನಕ್ಷೆಯಲ್ಲಿ 80 ಮಿ.ಮೀ., ಸ್ಕೀಮ್ಯಾಟಿಕ್‌ನಲ್ಲಿ 100 ಮಿ.ಮೀ. ಪೈಪ್ ಇದೆ ಎಂದುಕೊಳ್ಳೋಣ. ನೀರಿನ ತಾಪವ್ಯತ್ಯಾಸ 5.5 ಡಿಗ್ರಿಯಾದರೆ ಸೆಕೆಂಡಿಗೆ ಸುಮಾರು 15 ಲೀಟರ್ ಹರಿಯಬೇಕು. ಆಗ 100 ಮಿ.ಮೀ. ಪೈಪಿನಲ್ಲಿ ವೇಗ ಸೆಕೆಂಡಿಗೆ 1.8 ಮೀಟರ್, 80ರಲ್ಲಿ 3 ಮೀಟರಿಗೂ ಹೆಚ್ಚು. ಸಣ್ಣ ಪೈಪಿನಲ್ಲಿ ಒತ್ತಡನಷ್ಟ ಮೂರು ಪಟ್ಟಿಗಿಂತ ಹೆಚ್ಚಾಗಿ, ಪಂಪು ಸಾಲದೆ ಕೊನೆಯ ಎಎಚ್‌ಯುಗೆ ನೀರು ಕಡಿಮೆ ಬೀಳಬಹುದು.

ಹಾಗೆಂದು ದೊಡ್ಡದನ್ನೇ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. 100 ಮಿ.ಮೀ. ಪೈಪಿನ ಹೊರವ್ಯಾಸ 114. ಸುತ್ತ 50 ಮಿ.ಮೀ. ಇನ್ಸುಲೇಷನ್ ಸೇರಿದರೆ 214. ಗೋಡೆಯಲ್ಲಿ ಕೊರೆದ 200 ಮಿ.ಮೀ. ರಂಧ್ರದಲ್ಲಿ ಅದು ತೂರದು. ಇನ್ಸುಲೇಷನ್ ಕೆತ್ತಿದರೆ ಅಲ್ಲಿಯೇ ಬೆವರಿ ನೀರು ತೊಟ್ಟಿಕ್ಕುತ್ತದೆ.

ಪತ್ರದಲ್ಲಿ ಎರಡೂ ನಕ್ಷೆಗಳ ಸಂಖ್ಯೆ, ಪರಿಷ್ಕರಣೆ, ಗ್ರಿಡ್ ಗುರುತು, ರಂಧ್ರದ ಅಳತೆ ಇರುತ್ತವೆ. ಪ್ರಶ್ನೆ ಒಂದೇ: ಯಾವ ಅಳತೆ, ಯಾವ ಹರಿವಿಗೆ? ಎಂಜಿನಿಯರ್ ತಮ್ಮ ಸಲಹೆಯನ್ನೂ ಪೈಪ್ ಖರೀದಿಗೆ ಮುನ್ನ ಉತ್ತರ ಬೇಕಾದ ದಿನಾಂಕವನ್ನೂ ಸೇರಿಸುತ್ತಾರೆ. ಫೋನಿನ ಒಪ್ಪಿಗೆ ಸಾಲದು. ಉತ್ತರದ ಬೆನ್ನಲ್ಲೇ ಎರಡೂ ನಕ್ಷೆಗಳು ತಿದ್ದುಪಡಿಯಾಗಿ ಬರಬೇಕು.