ಹೊದಿಕೆ ತತ್ತ್ವ

ಶಾಫ್ಟಿನ ಡ್ರಾಯಿಂಗಿನಲ್ಲಿ ವ್ಯಾಸದ ಗರಿಷ್ಠ, ಕನಿಷ್ಠ ಮಿತಿಗಳನ್ನಷ್ಟೇ ಬರೆದು, ಅದು ಎಷ್ಟು ನೇರವಾಗಿರಬೇಕು, ಎಷ್ಟು ದುಂಡಗಿರಬೇಕು ಎಂದು ಹೇಳದೆ ಬಿಟ್ಟಿದ್ದರೂ ಆ ಎರಡು ಮಿತಿಗಳಿಂದಲೇ ಆಕಾರವನ್ನು ಹತೋಟಿಯಲ್ಲಿಡುವ ನಿಯಮ. ಎನ್ವಲಪ್ ತತ್ತ್ವ, ಟೇಲರ್ ತತ್ತ್ವ ಎಂಬ ಹೆಸರುಗಳೂ ಇವೆ. ಶಾಫ್ಟಿನ ಗರಿಷ್ಠ ವ್ಯಾಸದಷ್ಟೇ ಅಗಲದ, ಕಿಂಚಿತ್ತೂ ಸೊಟ್ಟವಿಲ್ಲದ ಒಂದು ಕೊಳವೆಯನ್ನು ಊಹಿಸಿಕೊಳ್ಳಬೇಕು. ಶಾಫ್ಟಿನ ಮೇಲ್ಮೈಯ ಯಾವ ಬಿಂದುವೂ ಆ ಕೊಳವೆಯನ್ನು ಮೀರಬಾರದು. ಜೊತೆಗೆ, ಎಲ್ಲಿ ಅಡ್ಡಲಾಗಿ ಅಳೆದರೂ ವ್ಯಾಸ ಕನಿಷ್ಠ ಮಿತಿಗಿಂತ ಕೆಳಗಿಳಿಯಬಾರದು. ನಿಯಮ ಇಷ್ಟೇ.

ಇದರ ಅಗತ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 25 ಮಿಲಿಮೀಟರ್ ವ್ಯಾಸದ, 120 ಮಿಲಿಮೀಟರ್ ಉದ್ದದ ಶಾಫ್ಟಿಗೆ ಸಣ್ಣ ಎಚ್ ಅಕ್ಷರದ 6ನೇ ದರ್ಜೆಯ ಮಿತಿ ಕೊಟ್ಟಿದೆ ಎನ್ನೋಣ. ಆಗ ವ್ಯಾಸ 25.000 ಮತ್ತು 24.987 ಮಿಲಿಮೀಟರ್‌ಗಳ ನಡುವೆ ಇರಬೇಕು, ಅಂದರೆ 13 ಮೈಕ್ರಾನ್ ಅವಕಾಶ. ಅದು ಕೂರಬೇಕಾದ ರಂಧ್ರದ ಕನಿಷ್ಠ ಅಳತೆಯೂ 25.000. ಕಾಗದದ ಮೇಲೆ ಯಾವ ಶಾಫ್ಟಾದರೂ ಯಾವ ರಂಧ್ರಕ್ಕಾದರೂ ಹೋಗಲೇಬೇಕು. ಈಗ ತಯಾರಾಗಿ ಬಂದ ಶಾಫ್ಟನ್ನು ಮೈಕ್ರೋಮೀಟರಿನಿಂದ ಹತ್ತು ಕಡೆ ಅಳೆದರೆ ಹತ್ತೂ ಕಡೆ 24.992 ಬರುತ್ತದೆ. ಆದರೆ ಅದು ಉದ್ದಕ್ಕೂ 12 ಮೈಕ್ರಾನಿನಷ್ಟು ಬಾಗಿದೆ. ಬಾಗಿದ ಶಾಫ್ಟಿಗೆ ಹಾದುಹೋಗಲು ಬೇಕಾದ ದಾರಿ ಅದರ ಸ್ವಂತ ವ್ಯಾಸಕ್ಕೆ ಬಾಗನ್ನು ಕೂಡಿಸಿದಷ್ಟು: 24.992ಕ್ಕೆ 0.012 ಸೇರಿ 25.004. ಅಷ್ಟೇ ಉದ್ದದ ಅತಿ ಚಿಕ್ಕ ರಂಧ್ರದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಅಳತೆಯ ಚೀಟಿಯಲ್ಲಿ ತಪ್ಪೇ ಕಾಣದ ಶಾಫ್ಟು ಜೋಡಣೆಯಲ್ಲಿ ಕೈಕೊಡುವುದು ಹೀಗೆ.

ಹೊದಿಕೆ ತತ್ತ್ವದ ಪ್ರಕಾರ ಈ ಶಾಫ್ಟು ತಿರಸ್ಕೃತ, ಏಕೆಂದರೆ ಅದು 25.000ದ ಕೊಳವೆಯಲ್ಲಿ ಹಿಡಿಸುವುದಿಲ್ಲ. ಇಲ್ಲಿರುವ ಲೆಕ್ಕ ಸರಳವಾದುದು. ಶಾಫ್ಟು ಎಲ್ಲೆಡೆ ಸರಿಯಾಗಿ 25.000 ಇದ್ದರೆ ಬಾಗಲು ಒಂದು ಮೈಕ್ರಾನೂ ಉಳಿಯುವುದಿಲ್ಲ, ಅದು ಪೂರ್ತಿ ನೇರವೂ ಪೂರ್ತಿ ದುಂಡಗೂ ಇರಬೇಕು. 24.992 ಇದ್ದರೆ 8 ಮೈಕ್ರಾನ್ ಬಾಗಬಹುದು. ಕನಿಷ್ಠ ಮಿತಿಯಾದ 24.987ರಲ್ಲಿದ್ದರೆ 13 ಮೈಕ್ರಾನ್ ಬಾಗಬಹುದು. ವ್ಯಾಸದಲ್ಲಿ ಖರ್ಚಾಗದೆ ಉಳಿದ ಅವಕಾಶವೆಲ್ಲ ಆಕಾರದ ಪಾಲಿಗೆ ಹೋಗುತ್ತದೆ. ಆಕಾರದ ದೋಷ ಮಾತ್ರ ಯಾವ ಸ್ಥಿತಿಯಲ್ಲೂ ಒಟ್ಟು 13 ಮೈಕ್ರಾನನ್ನು ದಾಟದು.

ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟವರು ಇಂಗ್ಲೆಂಡಿನ ಲೆಸ್ಟರ್ ನಗರದ ವಿಲಿಯಂ ಟೇಲರ್. 1886ರಲ್ಲಿ ಅಣ್ಣನೊಡನೆ ಅವರು ಆರಂಭಿಸಿದ, ಮುಂದೆ ಟೇಲರ್, ಟೇಲರ್ ಅಂಡ್ ಹಾಬ್ಸನ್ ಎಂದು ಹೆಸರಾದ ಸಂಸ್ಥೆ ಕ್ಯಾಮೆರಾ ಲೆನ್ಸುಗಳನ್ನು ತಯಾರಿಸುತ್ತಿತ್ತು. ಯಾವ ಲೆನ್ಸಾದರೂ ಯಾವ ಕ್ಯಾಮೆರಾಗಾದರೂ ತಿರುಗಿ ಕೂರಬೇಕಾದರೆ ತಿರುಪಿನ ಎಳೆಗಳು ಒಂದಕ್ಕೊಂದು ಒಪ್ಪಬೇಕಿತ್ತು. 1905ರಲ್ಲಿ ಅವರು ಪಡೆದ ತಿರುಪಿನ ಗೇಜುಗಳ ಪೇಟೆಂಟಿನಿಂದ ಹೊರಬಂದ ಸೂತ್ರ ಹೀಗಿದೆ: ಹೋಗಲೇಬೇಕಾದ ‘ಗೋ’ ಗೇಜು ಭಾಗದ ಪೂರ್ಣ ರೂಪವನ್ನು ಒಮ್ಮೆಗೇ ಪರೀಕ್ಷಿಸಬೇಕು, ಹೋಗಬಾರದ ‘ನೋ-ಗೋ’ ಗೇಜು ಒಂದು ಸಲಕ್ಕೆ ಒಂದೇ ಅಳತೆಯನ್ನು ಪರೀಕ್ಷಿಸಬೇಕು. ಎಳೆಗಾಗಿ ಹುಟ್ಟಿದ ಸೂತ್ರ ನುಣುಪಾದ ಶಾಫ್ಟಿಗೂ ಹಾಗೆಯೇ ಹೊಂದಿಕೊಂಡಿತು. ನಮ್ಮ ಪಾಲಿಟೆಕ್ನಿಕ್‌ಗಳ ಮೆಟ್ರಾಲಜಿ ಪಾಠದಲ್ಲಿ ಇಂದಿಗೂ ಅದು ಟೇಲರ್ ಹೆಸರಿನಲ್ಲೇ ಬರುತ್ತದೆ.

ಎರಡು ಗೇಜುಗಳ ರೂಪ ಬೇರೆಬೇರೆಯಾಗಿರುವುದಕ್ಕೆ ಬಲವಾದ ಕಾರಣವಿದೆ. ನಮ್ಮ ಶಾಫ್ಟಿಗೆ ಗೋ ಗೇಜು 25.000 ಒಳವ್ಯಾಸದ ಉದ್ದನೆಯ ಉಂಗುರ. ಮೇಲೆ ಹೇಳಿದ ಊಹೆಯ ಕೊಳವೆಯನ್ನು ಉಕ್ಕಿನಲ್ಲಿ ಮಾಡಿದರೆ ಸಿಗುವುದು ಇದೇ. ನೋ-ಗೋ ಗೇಜು 24.987 ಅಂತರದ ಎರಡು ದವಡೆಗಳ ಸ್ನ್ಯಾಪ್ ಗೇಜು. ನೋ-ಗೋವನ್ನೂ ಉಂಗುರವಾಗಿಯೇ ಮಾಡಿದ್ದರೆ? ಒಂದು ಕಡೆ 24.995, ಅದಕ್ಕೆ ಅಡ್ಡಲಾಗಿ 24.980 ಇರುವ ಮೊಟ್ಟೆಯಾಕಾರದ ಶಾಫ್ಟು ಬಂತು ಎನ್ನೋಣ. ಅಗಲದ ಕಡೆ ತಡೆಯುವುದರಿಂದ ಅದು ಉಂಗುರದೊಳಗೆ ಹೋಗುವುದಿಲ್ಲ, ಪರೀಕ್ಷಕರು ಅದನ್ನು ಒಪ್ಪಿಬಿಡುತ್ತಾರೆ. ಸ್ನ್ಯಾಪ್ ಗೇಜಾದರೋ ಸುತ್ತಲೂ ತಿರುಗಿಸಿ ನೋಡುವಾಗ ಕಿರಿದಾದ ಕಡೆ ಸರಕ್ಕನೆ ಜಾರಿ, ತಪ್ಪನ್ನು ತೋರಿಸಿಕೊಡುತ್ತದೆ.

ಬಾಗಿಗಿಂತಲೂ ಮೋಸದ ದೋಷ ಮುಮ್ಮೂಲೆಯಾಗುವುದು. ಸೆಂಟರ್‌ಲೆಸ್ ಗ್ರೈಂಡಿಂಗಿನಲ್ಲಿ ಶಾಫ್ಟನ್ನು ಸೆಂಟರುಗಳ ನಡುವೆ ಹಿಡಿಯದೆ, ಅದರ ಹೊರಮೈಯನ್ನೇ ಆಧಾರವಾಗಿಟ್ಟು ಉಜ್ಜುತ್ತಾರೆ. ಹೊಂದಾಣಿಕೆ ಕೆಟ್ಟರೆ ಮೂರು ಉಬ್ಬುಗಳ ಆಕಾರ ಮೂಡುತ್ತದೆ. ಒಂದು ಉಬ್ಬಿಗೆ ಎದುರಾಗಿ ಒಂದು ತಗ್ಗು ಬೀಳುವುದರಿಂದ ಮೈಕ್ರೋಮೀಟರ್ ಯಾವ ಕೋನದಲ್ಲೂ ಒಂದೇ ಅಳತೆ ತೋರಿಸುತ್ತದೆ. ವ್ಯಾಸ ಎಲ್ಲೆಡೆ 24.992 ಇದ್ದು, ಉಬ್ಬುತಗ್ಗುಗಳ ಅಂತರ 12 ಮೈಕ್ರಾನ್ ಇದ್ದರೆ ಉಬ್ಬುಗಳನ್ನು ಸುತ್ತುವರಿಯುವ ವೃತ್ತ ಇಲ್ಲಿಯೂ 25.004. ಗೋ ಉಂಗುರ ಇದನ್ನು ತಡೆಯುತ್ತದೆ. ಉಂಗುರವಿಲ್ಲದಿದ್ದರೆ ಶಾಫ್ಟನ್ನು 90 ಡಿಗ್ರಿಯ ವಿ-ಬ್ಲಾಕಿನಲ್ಲಿಟ್ಟು, ಮೇಲೆ ಡಯಲ್ ಗೇಜು ಕೂರಿಸಿ, ಮೆಲ್ಲಗೆ ತಿರುಗಿಸಬೇಕು. ಮೂರು ಉಬ್ಬಿನ ದೋಷ ಅಲ್ಲಿ ಇಮ್ಮಡಿಯಾಗಿ, ಸುಮಾರು 24 ಮೈಕ್ರಾನಿನ ಓಲಾಟವಾಗಿ ಕಾಣುತ್ತದೆ.

ತತ್ತ್ವಕ್ಕೆ ಮಿತಿಗಳೂ ಇವೆ. ಉದ್ದ ಶಾಫ್ಟಿಗೆ ಅಷ್ಟೇ ಉದ್ದದ ಉಂಗುರ ಮಾಡುವುದು ಕಷ್ಟ, ಗಿಡ್ಡ ಉಂಗುರವಾದರೆ ಬಾಗಿದ ಶಾಫ್ಟಿನ ಮೇಲೂ ಜಾರಿಕೊಂಡು ಹೋಗಿಬಿಡುತ್ತದೆ. ಮೆಟ್ಟಿಲು ಶಾಫ್ಟಿನಲ್ಲಿ ಪ್ರತಿಯೊಂದು ವ್ಯಾಸಕ್ಕೂ ಅದರದ್ದೇ ಹೊದಿಕೆ. ಎರಡು ವ್ಯಾಸಗಳು ಒಂದೇ ಅಕ್ಷದ ಮೇಲಿವೆಯೇ ಎಂಬುದನ್ನು ಈ ತತ್ತ್ವ ಕೇಳುವುದೇ ಇಲ್ಲ. ಅದಕ್ಕೆ ಬೇರೆ ಟಾಲರೆನ್ಸ್ ಬರೆಯಲೇಬೇಕು.

‘ಏನೂ ಬರೆಯದಿದ್ದಾಗ’ ಏನರ್ಥ ಎಂಬಲ್ಲಿ ದೇಶಗಳ ದಾರಿ ಕವಲೊಡೆಯಿತು. ಅಮೆರಿಕದ ವೈ14.5 ಮಾನಕದಲ್ಲಿ ಹೊದಿಕೆಯೇ ಮೊದಲನೇ ನಿಯಮ. ಡ್ರಾಯಿಂಗ್ ಮೌನವಾಗಿದ್ದರೆ ಅದು ತಾನಾಗಿ ಅನ್ವಯಿಸುತ್ತದೆ. ಅಂಗಡಿಯಿಂದ ತಂದ ಸ್ಥಿತಿಯಲ್ಲೇ ಬಳಸುವ ಸರಳು, ಕೊಳವೆಗಳಂಥವಕ್ಕೆ ವಿನಾಯಿತಿ. ಅಂತರರಾಷ್ಟ್ರೀಯ ಐಎಸ್‌ಒ 8015 ಮಾನಕ 1985ರಲ್ಲಿ ಎದುರು ದಿಕ್ಕು ಹಿಡಿಯಿತು: ಅಳತೆಯ ಮಿತಿ ಅಳತೆಗೆ ಮಾತ್ರ, ಆಕಾರವನ್ನು ಬೇರೆಯಾಗಿಯೇ ಹೇಳಬೇಕು. ಹೊದಿಕೆ ಬೇಕಾದವರು ಅಳತೆಯ ಪಕ್ಕದಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ಬರೆಯಬೇಕು. ಆಗ ಈ ಮಾನಕ ಅನ್ವಯಿಸುತ್ತಿದ್ದದ್ದು ಅದರ ಹೆಸರನ್ನು ನಮೂದಿಸಿದ ಡ್ರಾಯಿಂಗಿಗೆ ಮಾತ್ರ. 1987ರಲ್ಲಿ ಜರ್ಮನಿ ತನ್ನ ಡಿಐಎನ್ 7167 ಮೂಲಕ, ಆ ಹೆಸರಿಲ್ಲದ ಡ್ರಾಯಿಂಗಿಗೆಲ್ಲ ಹೊದಿಕೆಯೇ ಎಂದು ಹೇಳಿತು. 8015ರ 2011ರ ಪರಿಷ್ಕರಣೆ ಇದನ್ನು ತಲೆಕೆಳಗು ಮಾಡಿತು. ಅದು ಸೇರಿರುವ ಐಎಸ್‌ಒ ಮಾನಕ ಕುಟುಂಬದ ಯಾವುದೇ ಒಂದನ್ನು ಡ್ರಾಯಿಂಗಿನಲ್ಲಿ ಬಳಸಿದರೂ 8015 ಜೊತೆಗೇ ಬಂದಂತೆ ಎಂದಾಯಿತು. ಜರ್ಮನಿಯ ಮಾನಕವನ್ನು ಹಿಂತೆಗೆದುಕೊಳ್ಳಲಾಯಿತು.

ನಮ್ಮ 120 ಮಿಲಿಮೀಟರಿನ ಶಾಫ್ಟಿನ ಮೇಲೆ ಇದರ ಪರಿಣಾಮ ಹೀಗಿದೆ. ವೃತ್ತದ ‘ಇ’ ಇಲ್ಲದೆ, 2021ರವರೆಗೆ ಜಾರಿಯಲ್ಲಿದ್ದ ಐಎಸ್‌ಒ 2768ರ ಎರಡನೇ ಭಾಗದ ಅತಿ ಬಿಗಿಯಾದ ದರ್ಜೆಯ ಸಾಮಾನ್ಯ ಟಾಲರೆನ್ಸನ್ನು ಮಾತ್ರ ಬರೆದಿದ್ದರೆ, ನೇರತನದಲ್ಲಿ ಅದಕ್ಕೆ ಸಿಗುವ ಅವಕಾಶ 0.2 ಮಿಲಿಮೀಟರ್. ಹೊದಿಕೆಯಲ್ಲಿದ್ದಾಗ ಅದು 0.013 ಇತ್ತು. ವ್ಯಾಸದ ಅಂಕಿಗಳು ಎರಡೂ ಡ್ರಾಯಿಂಗುಗಳಲ್ಲಿ ಒಂದೇ. ಹಳೆಯ ಡ್ರಾಯಿಂಗನ್ನು ಹೊಸ ಶೀರ್ಷಿಕೆ ಚೌಕಕ್ಕೆ ನಕಲಿಸುವವರು ರಂಧ್ರದಲ್ಲಿ ಕೂರುವ ವ್ಯಾಸಗಳ ಪಕ್ಕದಲ್ಲಿ ಆ ಅಕ್ಷರವನ್ನು ಸೇರಿಸದಿದ್ದರೆ, 25.000ದ ಉಂಗುರದಲ್ಲಿ ಹೋಗದ ಶಾಫ್ಟನ್ನು ತಿರಸ್ಕರಿಸುವ ಹಕ್ಕು ಪರೀಕ್ಷಕರಿಗೆ ಇರುವುದಿಲ್ಲ.