ಎದುರಾಳಿಯ ವೆಚ್ಚಕ್ಕಿಂತ ಎಷ್ಟು ಕೆಳಗೆ?

ಬೆಲೆಯಲ್ಲೇ ಸೆಣಸುವ ಇಬ್ಬರು ಮಾರಾಟಗಾರರ ಮಾದರಿಗೆ ಜೋಸೆಫ್ ಬರ್ಟ್ರಾಂಡನ ಹೆಸರಿದೆ. ಕೂರ್ನೋನ 1838ರ ಪುಸ್ತಕವನ್ನು 1883ರಲ್ಲಿ ವಿಮರ್ಶಿಸುವಾಗ ಆತ ಎತ್ತಿದ ಆಕ್ಷೇಪವೇ ಅದರ ಮೂಲ. ಇಬ್ಬರ ವೆಚ್ಚ ಬೇರೆಬೇರೆಯಾಗಿದ್ದರೆ, ಕಡಿಮೆ ವೆಚ್ಚದವನು ಎದುರಾಳಿಯ ವೆಚ್ಚಕ್ಕಿಂತ ತುಸು ಕೆಳಗೆ ಬೆಲೆ ಇಟ್ಟು ಇಡೀ ಮಾರುಕಟ್ಟೆಯನ್ನು ಪಡೆಯುತ್ತಾನೆ ಎನ್ನುತ್ತವೆ ಪಠ್ಯಪುಸ್ತಕಗಳು. ಎಷ್ಟು ಕೆಳಗೆ ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ.

ಬೆಲೆ p ರೂಪಾಯಿ ಇದ್ದಾಗ 100 − p ಘಟಕಗಳು ಮಾರಾಟವಾಗುತ್ತವೆ ಎಂದಿಟ್ಟುಕೊಳ್ಳೋಣ. ಒಂದು ಘಟಕಕ್ಕೆ ಮೊದಲನೆಯವನಿಗೆ 20 ರೂಪಾಯಿ ವೆಚ್ಚ, ಎರಡನೆಯವನಿಗೆ 40. ಎರಡನೆಯವನು 40ಕ್ಕೇ ನಿಂತಿದ್ದಾನೆ. ಮೊದಲನೆಯವನು 39 ಕೇಳಿದರೆ 61 ಘಟಕ ಮಾರಿ 1,159 ರೂಪಾಯಿ ಲಾಭ ಮಾಡುತ್ತಾನೆ, 39.99 ಕೇಳಿದರೆ ಸುಮಾರು 1,199.60. ಹತ್ತಿರ ಸರಿದಷ್ಟೂ ಲಾಭ ಹೆಚ್ಚು. ಆದರೆ 40ನ್ನೇ ಮುಟ್ಟಿದರೆ ಗಿರಾಕಿಗಳು ಅರ್ಧರ್ಧ ಹಂಚಿಹೋಗಿ ಲಾಭ 600ಕ್ಕೆ ಕುಸಿಯುತ್ತದೆ. ಹೀಗಾಗಿ ಅತ್ಯುತ್ತಮ ಬೆಲೆ ಎಂಬುದೇ ಸಿಗುವುದಿಲ್ಲ. ಬೆಲೆ ಸಮವಾದಾಗ ಗಿರಾಕಿಗಳೆಲ್ಲ ಅಗ್ಗದ ವೆಚ್ಚದವನ ಬಳಿಗೇ ಹೋಗುತ್ತಾರೆ ಎಂದು ಊಹಿಸಿ ಪಠ್ಯಪುಸ್ತಕಗಳು ನುಣುಚಿಕೊಳ್ಳುತ್ತವೆ. ಯಾರ ವೆಚ್ಚ ಎಷ್ಟೆಂದು ತಿಳಿಯದ ಗಿರಾಕಿ ಹಾಗೇಕೆ ಮಾಡಿಯಾನು?

ಬೆಲೆ ಪೂರ್ಣ ರೂಪಾಯಿಗಳಲ್ಲೇ ಇರಬೇಕು ಎಂದರೆ ಚಿತ್ರ ತಿಳಿಯಾಗುತ್ತದೆ. ಎರಡನೆಯವನಿಗೆ 40ಕ್ಕೆ ಮಾರಿದರೂ ಲಾಭವಿಲ್ಲ. 41 ಕೇಳಿದರೆ ನಷ್ಟವಂತೂ ಇಲ್ಲ, ಎಂದಾದರೂ ಮಾರಾಟವಾದರೆ ಲಾಭ. ಆದ್ದರಿಂದ ಅವನು 41ಕ್ಕೆ ನಿಲ್ಲುತ್ತಾನೆ. ಮೊದಲನೆಯವನು ತಾನೂ 41 ಕೇಳಿದರೆ ಅರ್ಧ ಮಾರುಕಟ್ಟೆಯಿಂದ 619.50 ರೂಪಾಯಿ, 40 ಕೇಳಿದರೆ ಪೂರ್ತಿ 1,200. ಅವನು 40ಕ್ಕೆ ನಿಲ್ಲುತ್ತಾನೆ. ಅಂದರೆ ಅವನ ಬೆಲೆ ಎದುರಾಳಿಯ ವೆಚ್ಚಕ್ಕೆ ಸರಿಸಮ. ಕೆಳಗಿರುವುದು ಎದುರಾಳಿಯ ಬೆಲೆಗಿಂತ ಮಾತ್ರ. ಬೆಲೆಗೆ ಇಂಥ ಮೆಟ್ಟಿಲುಗಳಿಲ್ಲದಿದ್ದರೂ ಇದೇ ಫಲ ಬರುತ್ತದೆಂದು ಆಂಡ್ರಿಯಾಸ್ ಬ್ಲೂಮ್ 2003ರಲ್ಲಿ ತೋರಿಸಿದರು: ಎದುರಾಳಿ 40ರಿಂದ ಮೇಲಿನ ಒಂದು ಕಿರಿದಾದ ಅಂತರದೊಳಗೆ ಬೆಲೆಯನ್ನು ಯಾದೃಚ್ಛಿಕವಾಗಿ ಆರಿಸುತ್ತಾನೆ, ಅಗ್ಗದವನು ಸರಿಯಾಗಿ 40ಕ್ಕೆ ಮಾರುತ್ತಾನೆ. ಗಿರಾಕಿಗಳ ಪಕ್ಷಪಾತವನ್ನು ಊಹಿಸುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೊಂದು ಮಿತಿಯಿದೆ. ಪೈಪೋಟಿಯೇ ಇಲ್ಲದಿದ್ದರೆ ಮೊದಲನೆಯವನು 60 ಕೇಳುತ್ತಿದ್ದ. ಎದುರಾಳಿಯ ವೆಚ್ಚ 65 ಇದ್ದರೆ ಅವನಿಗೆ ಅದರ ಗೊಡವೆಯೇ ಬೇಡ, 60ಕ್ಕೇ ಮಾರುತ್ತಾನೆ.

ನಿಜವಾದ ಮಾರುಕಟ್ಟೆಯಲ್ಲಿ ಈ ಮಾದರಿಯನ್ನು ಗುರುತಿಸಲು ಬೆಲೆ ಯಾರ ವೆಚ್ಚದ ಹಿಂದೆ ಸಾಗುತ್ತದೆ ಎಂದು ನೋಡಬೇಕು. ಗೆದ್ದವನ ವೆಚ್ಚ 20ರಿಂದ 18ಕ್ಕೆ ಇಳಿದರೆ ಬೆಲೆ ಅಲುಗದು. ಒಂದೂ ಮಾರದ ಎದುರಾಳಿಯ ವೆಚ್ಚ 43ಕ್ಕೆ ಏರಿದರೆ ಬೆಲೆಯೂ 43 ಆಗುತ್ತದೆ. ಬೆಲೆಗಳ ನಡುವಿನ ಸಣ್ಣ ಅಂತರವನ್ನಷ್ಟೇ ಸಾಕ್ಷಿಯಾಗಿ ಹಿಡಿಯುವಂತಿಲ್ಲ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಸೌರ ಹರಾಜಿನಲ್ಲಿ ಯೂನಿಟ್ಟಿಗೆ 2.44 ಮತ್ತು 2.45 ರೂಪಾಯಿಗಳ ಬಿಡ್‌ಗಳು ಗೆದ್ದವು. ಅಂತರ ಒಂದೇ ಪೈಸೆ. ಆದರೆ ಅಲ್ಲಿ ಇಬ್ಬರಿಗೂ ಪಾಲು ಸಿಕ್ಕಿತ್ತು; ಆದ್ದರಿಂದ ಅದು ಈ ಮಾದರಿಗೆ ಉದಾಹರಣೆಯಾಗಲಾರದು.