ಹುಡುಗಿ ನಪುಂಸಕಲಿಂಗವಾದ ಬಗೆ

ನಮ್ಮ ಲಚ್ಯಾಣದ ಕಡೆ ಹೆಣ್ಣುಮಗುವಾದರೂ 'ಕೂಸು ಅಳಾಕತ್ತದ' ಎನ್ನುತ್ತೇವೆ. ಇಲ್ಲಿ ನಪುಂಸಕಲಿಂಗಕ್ಕೆ ಎಳೆವಯಸ್ಸೇ ಕಾರಣ. ಜರ್ಮನ್ ಭಾಷೆಯಲ್ಲಿ ಆ ಕೆಲಸ ಪ್ರತ್ಯಯದ್ದು. ದಾಸಿ, ಕನ್ಯೆ ಎಂಬರ್ಥದ 'ಮಾಗ್ಟ್' ಸ್ತ್ರೀಲಿಂಗ. ಕಿರಿದೆನ್ನುವ 'ಶೆನ್' ಸೇರಿ ಹುಡುಗಿ ಎಂಬರ್ಥದ 'ಮೇಡ್‌ಶೆನ್' ಆದೊಡನೆ ಅದು ನಪುಂಸಕ.

'ಫ್ರೌ' ಎಂದರೆ ಹೆಂಗಸು. ಅದಕ್ಕೆ 'ಲೈನ್' ಸೇರಿದ 'ಫ್ರಾಯ್ಲೈನ್' ಒಂದು ಕಾಲಕ್ಕೆ ಕುಲೀನ ಮನೆತನದ ಅವಿವಾಹಿತೆಗೆ ಸಲ್ಲುವ ಗೌರವವಾಗಿತ್ತು. 1808ರಲ್ಲಿ ಪ್ರಕಟವಾದ ಗಯಟೆಯ 'ಫೌಸ್ಟ್' ನಾಟಕದ ಗ್ರೆಟ್‌ಶೆನ್ (ಅವಳ ಹೆಸರೂ ಮಾರ್ಗರೇಟೆಯ ಕಿರುರೂಪವೇ!) ಹಾಗೆ ಕರೆದವನಿಗೆ ತಾನು ಅಂಥವಳಲ್ಲವೆನ್ನುತ್ತಾಳೆ. ಮುಂದೆ ಆ ಪದ ಎಲ್ಲ ಅವಿವಾಹಿತೆಯರಿಗೂ ಹಬ್ಬಿತು. ಗೌರವ ಸವೆದು ಕಿರಿತನವಷ್ಟೇ ಉಳಿಯಿತು. ತಲೆ ನರೆತ ಶಿಕ್ಷಕಿಯೂ 'ಪುಟ್ಟಮ್ಮ'ನಾದಂತೆ! ಮದುವೆಯಾಗದ ಗಂಡಸು ಮಾತ್ರ 'ಹೆರ್' ಆಗಿಯೇ ಇದ್ದ. 1972ರಲ್ಲಿ ಪಶ್ಚಿಮ ಜರ್ಮನಿಯ ಒಳಾಡಳಿತ ಸಚಿವಾಲಯವು ಸರ್ಕಾರಿ ಬರವಣಿಗೆಯಿಂದ ಅದನ್ನು ಕೈಬಿಡಿಸಿತು. 'ಮೇಡ್‌ಶೆನ್' ಉಳಿದಿದೆ, ಆದರೆ ಅವಳನ್ನು ಕುರಿತ ಮುಂದಿನ ವಾಕ್ಯದಲ್ಲಿ ಜನರು 'ಅದು' ಎನ್ನದೆ 'ಅವಳು' ಎನ್ನುವುದೂ ಉಂಟು.